ಒಂದು ಲಕ್ಷ ಬರೆದು ಆರು ಡಾಲರ್ ಕೊಟ್ಟ ಹರಾಜು

1990ರಲ್ಲಿ ನ್ಯೂಜಿಲೆಂಡ್ ಸರ್ಕಾರ ರೇಡಿಯೊ, ಟಿ.ವಿ. ತರಂಗಾಂತರಗಳನ್ನು ಬಳಸುವ ಹಕ್ಕನ್ನು ಹರಾಜಿಗೆ ಇಟ್ಟಿತು. ಕೊಳ್ಳುವವರು ತಮ್ಮ ಬೆಲೆಯನ್ನು ಬರೆದು, ಮುಚ್ಚಿದ ಲಕೋಟೆಯಲ್ಲಿ ಕೊಡಬೇಕಿತ್ತು. ಒಂದು ಕಂಪನಿ ಒಂದು ಲಕ್ಷ ಡಾಲರ್ ಬರೆದು ಗೆದ್ದಿತು. ಆದರೆ ಅದು ಕಟ್ಟಿದ್ದು ಬರೀ ಆರು ಡಾಲರ್! ಇನ್ನೊಂದು ಲಕೋಟೆಯಲ್ಲಿ 70 ಲಕ್ಷ ಡಾಲರ್ ಇತ್ತು, ಕಟ್ಟಿದ್ದು 5,000. ಅಲ್ಲಿನ ಒಬ್ಬ ಕಾಲೇಜು ವಿದ್ಯಾರ್ಥಿ ಚಿಕ್ಕ ಊರೊಂದರ ಟಿ.ವಿ. ಪರವಾನಗಿಗೆ ಒಂದು ಡಾಲರ್ ಬರೆದ. ಬೇರೆ ಯಾರೂ ಬರಲಿಲ್ಲ. ಪರವಾನಗಿ ಸಿಕ್ಕಿತು, ಒಂದು ಸೆಂಟ್ ಕೂಡ ಕಟ್ಟಬೇಕಾಗಲಿಲ್ಲ. ಸರ್ಕಾರ ಸುಮಾರು 24 ಕೋಟಿ ಡಾಲರ್ ಬರಬಹುದೆಂದು ಕಾದಿತ್ತು, ಬಂದದ್ದು ಸುಮಾರು 3.6 ಕೋಟಿ.

ಇದು ಲೆಕ್ಕ ತಪ್ಪಿ ಆದದ್ದಲ್ಲ, ನಿಯಮವೇ ಹಾಗಿತ್ತು. ಅತಿ ಹೆಚ್ಚು ಬರೆದವರು ಗೆಲ್ಲುತ್ತಾರೆ, ಆದರೆ ಎರಡನೇ ಸ್ಥಾನದಲ್ಲಿರುವ ಬೆಲೆಯನ್ನು ಕಟ್ಟುತ್ತಾರೆ. ಇದನ್ನು ಎರಡನೇ ಬೆಲೆ ಹರಾಜು ಅನ್ನುತ್ತಾರೆ. ಗೆದ್ದವರು ತಾವು ಬರೆದದ್ದನ್ನೇ ಕಟ್ಟಿದರೆ ಅದು ಮೊದಲ ಬೆಲೆ ಹರಾಜು. ಓದಿದ ಕೂಡಲೇ ನಮಗೆಲ್ಲ ಅನಿಸುವುದು ಒಂದೇ: ಒಂದು ಲಕ್ಷ ಕೊಡಲು ಸಿದ್ಧರಿದ್ದವರಿಂದ ಆರು ಡಾಲರ್ ತೆಗೆದುಕೊಂಡ ಸರ್ಕಾರಕ್ಕೆ ಬುದ್ಧಿ ಇರಲಿಲ್ಲ, ಮೊದಲ ಬೆಲೆ ನಿಯಮ ಇಟ್ಟಿದ್ದರೆ ಖಜಾನೆ ತುಂಬುತ್ತಿತ್ತು. ಆದರೆ ಅರ್ಥಶಾಸ್ತ್ರಜ್ಞರ ಉತ್ತರ ಬೇರೆ. ಅದನ್ನು ನಂಬಲು ನನಗೆ ಎರಡು ವಾರ ಹಿಡಿಯಿತು. ನಂಬಿದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಹರಾಜಿಗೆ ನೀಲಾಮ್ ಅಂತಾರೆ, ಬ್ಯಾಡಗಿ ಕಡೆ ಲಿಲಾವು ಅಂತಾರೆ. ಎರಡೂ ಪೋರ್ಚುಗೀಸರ ಒಂದೇ ಪದದಿಂದ ಬಂದವು. ನನ್ನ ಮಾಮು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಖರೀದಿ ಮಾಡುತ್ತಾರೆ, ಹಾಗಾಗಿ ಈ ಪದ ನನಗೆ ಚಿಕ್ಕಂದಿನಿಂದ ಗೊತ್ತು. ಅಲ್ಲಿ ಕೂಗುವ ಹರಾಜಿಲ್ಲ, ಇ-ಟೆಂಡರ್. ವ್ಯಾಪಾರಿ ಚೀಲಗಳ ನಡುವೆ ಓಡಾಡಿ ಕಾಯಿ ಮುರಿದು ಬಣ್ಣ, ಒಣಗು ನೋಡುತ್ತಾರೆ, ಪ್ರತಿ ಲಾಟಿಗೂ ಕ್ವಿಂಟಲ್ ದರವನ್ನು ಕಂಪ್ಯೂಟರಿಗೆ ಹಾಕುತ್ತಾರೆ. ಬೇರೆಯವರು ಎಷ್ಟು ಹಾಕಿದರು ಅನ್ನುವುದು ಕಾಣುವುದಿಲ್ಲ. ಹೆಚ್ಚು ಹಾಕಿದವರಿಗೆ, ಅವರು ಹಾಕಿದ ದರಕ್ಕೇ ಲಾಟು. ಅಂದರೆ ಇದು ಮೊದಲ ಬೆಲೆ ಹರಾಜು. ಲಕೋಟೆಯ ಬದಲು ಕಂಪ್ಯೂಟರ್ ಇದೆ, ಅಷ್ಟೇ.

ಮೆಣಸಿನಕಾಯಿಯ ಲೆಕ್ಕದಲ್ಲಿ ತೊಡಕುಗಳು ಜಾಸ್ತಿ. ಮೊದಲು ಒಂದು ಹಳೆಯ ಸೈಕಲ್ ತೆಗೆದುಕೊಳ್ಳೋಣ. ಕೊಳ್ಳುವವರು ಇಬ್ಬರು. ಪ್ರತಿಯೊಬ್ಬರ ಮನಸ್ಸಿನಲ್ಲೂ ಒಂದು ಬೆಲೆ ಇದೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ಬೇಡ. ಅದನ್ನು ಮನಸ್ಸಿನ ಬೆಲೆ ಎಂದು ಕರೆಯುತ್ತೇನೆ. ನನ್ನದು ನನಗೆ ಗೊತ್ತು. ಎದುರಿನವರದ್ದು ಸೊನ್ನೆಯಿಂದ ₹3,000ದ ನಡುವೆ ಎಲ್ಲಿ ಬೇಕಾದರೂ ಇರಬಹುದು, ಎಲ್ಲಕ್ಕೂ ಸಮಾನ ಸಾಧ್ಯತೆ, ಇಷ್ಟು ಮಾತ್ರ ಗೊತ್ತು. ನನ್ನ ಮನಸ್ಸಿನ ಬೆಲೆ ₹2,000 ಇರಲಿ. ಚೀಟಿಯಲ್ಲಿ ಎಷ್ಟು ಬರೆಯಲಿ?

ಎರಡನೇ ಬೆಲೆ ನಿಯಮದಲ್ಲಿ ಉತ್ತರ ಸುಲಭ: 2,000 ಎಂದೇ ಬರೆಯಬೇಕು. ಉಳಿಸೋಣ ಎಂದು 1,500 ಬರೆದೆ ಅಂದುಕೊಳ್ಳಿ. ಎದುರಿನವರು 1,000 ಬರೆದಿದ್ದರೆ ನಾನು ಗೆದ್ದು 1,000 ಕಟ್ಟುತ್ತೇನೆ. 2,000 ಬರೆದಿದ್ದರೂ ಅಷ್ಟೇ ಕಟ್ಟುತ್ತಿದ್ದೆ, ಏನೂ ಉಳಿಯಲಿಲ್ಲ. ಅವರು 2,400 ಬರೆದಿದ್ದರೆ ಎರಡರಲ್ಲೂ ಸೋಲು. ವ್ಯತ್ಯಾಸ ಆಗುವುದು ಅವರು 1,500 ಮತ್ತು 2,000ದ ನಡುವೆ ಬರೆದಾಗ ಮಾತ್ರ. 1,700 ಬರೆದಿದ್ದರೆ, ₹300 ಲಾಭದಲ್ಲಿ ನನಗೆ ಬರಬೇಕಿದ್ದ ಸೈಕಲ್ ಕೈತಪ್ಪಿತು. ಇನ್ನು ಗೆಲ್ಲಲೇಬೇಕೆಂದು 2,500 ಬರೆದರೆ? ಎದುರಿನವರು 2,300 ಬರೆದಿದ್ದರೆ ನಾನು ಗೆದ್ದು 2,300 ಕಟ್ಟಿ ₹300 ಕಳೆದುಕೊಳ್ಳುತ್ತೇನೆ. ಹೀಗೆ, ಕಡಿಮೆ ಬರೆದರೂ ಹೆಚ್ಚು ಬರೆದರೂ ಲಾಭವಿಲ್ಲ, ಕೆಲವು ಸಲ ನಷ್ಟ. ಕಾರಣ ಇಷ್ಟು: ಈ ನಿಯಮದಲ್ಲಿ ನನ್ನ ಚೀಟಿ ನಾನು ಗೆಲ್ಲುತ್ತೇನೋ ಇಲ್ಲವೋ ಎಂಬುದನ್ನು ಮಾತ್ರ ನಿರ್ಧರಿಸುತ್ತದೆ, ಎಷ್ಟು ಕಟ್ಟಬೇಕು ಎಂಬುದನ್ನು ಎದುರಿನವರ ಚೀಟಿ ನಿರ್ಧರಿಸುತ್ತದೆ. ಎದುರಿನವರ ಬುದ್ಧಿ, ಗುಣ, ಅವರು ಎಷ್ಟು ಜನ, ಯಾವುದನ್ನೂ ನಾನು ಯೋಚಿಸಬೇಕಾಗಿಲ್ಲ.

ಮೊದಲ ಬೆಲೆ ನಿಯಮದಲ್ಲಿ ಇದು ನಡೆಯುವುದಿಲ್ಲ. 2,000 ಬರೆದು ಗೆದ್ದರೆ 2,000 ಕಟ್ಟಬೇಕು, ಲಾಭ ಸೊನ್ನೆ. ಹಾಗಾಗಿ ಸ್ವಲ್ಪ ತಗ್ಗಿಸಿ ಬರೆಯಲೇಬೇಕು. ತಗ್ಗಿಸಿದಷ್ಟೂ ಗೆದ್ದಾಗ ಸಿಗುವ ಲಾಭ ಹೆಚ್ಚು, ಗೆಲ್ಲುವ ಸಾಧ್ಯತೆ ಕಡಿಮೆ. ಮಾಮುಗೆ ಇದನ್ನು ಹೇಳಿದಾಗ ಅವರು ನಕ್ಕು, “ಬೇಟಾ, ಇದನ್ನು ಕಲಿಯೋಕೆ ನನಗೆ ಹತ್ತು ವರ್ಷ ಬೇಕಾಯ್ತು. ನೀವು ಪುಸ್ತಕದಲ್ಲಿ ಓದ್ತೀರಾ?” ಅಂದರು.

ಪುಸ್ತಕದ ಉತ್ತರ ಹೀಗೆ ಬರುತ್ತದೆ. ಎದುರಿನವರು ತಮ್ಮ ಮನಸ್ಸಿನ ಬೆಲೆಯ ಅರ್ಧ ಬರೆಯುತ್ತಾರೆ ಎಂದು ಸದ್ಯಕ್ಕೆ ಊಹಿಸೋಣ. ಆಗ ಅವರ ಚೀಟಿ ಸೊನ್ನೆಯಿಂದ 1,500ರ ನಡುವೆ ಇರುತ್ತದೆ. ನಾನು 1,200 ಬರೆದರೆ ಗೆಲ್ಲುವ ಸಾಧ್ಯತೆ 1,500ರಲ್ಲಿ 1,200, ಅಂದರೆ ಐದರಲ್ಲಿ ನಾಲ್ಕು. ಗೆದ್ದರೆ ಲಾಭ 800. ಸರಾಸರಿ ಲಾಭ ₹640. 800 ಬರೆದರೆ ಸಾಧ್ಯತೆ ಕಡಿಮೆ, ಲಾಭ 1,200. ಗುಣಿಸಿದರೆ ಸರಾಸರಿ ಮತ್ತೆ ₹640. ನಡುವಿನ 1,000 ಬರೆದರೆ? ಮೂರರಲ್ಲಿ ಎರಡು ಸಲ ಗೆಲುವು, ಲಾಭ 1,000, ಸರಾಸರಿ ಸುಮಾರು ₹667. ಇದಕ್ಕಿಂತ ಹೆಚ್ಚು ಯಾವ ಸಂಖ್ಯೆಯಲ್ಲೂ ಬರುವುದಿಲ್ಲ. ನಾವು ಗುಣಿಸುತ್ತಿರುವುದು ಬರೆದ ಬೆಲೆ ಮತ್ತು ಉಳಿಯುವ ಲಾಭ, ಎರಡರ ಮೊತ್ತ ಯಾವಾಗಲೂ 2,000. ಮೊತ್ತ ಒಂದೇ ಇರುವ ಎರಡು ಸಂಖ್ಯೆಗಳ ಗುಣಲಬ್ಧ ಅತಿ ದೊಡ್ಡದಾಗುವುದು ಅವು ಸಮವಾದಾಗ, ಇದು ಹೈಸ್ಕೂಲಿನ ಗಣಿತ. ಹಾಗಾಗಿ ಎದುರಿನವರು ಅರ್ಧ ಬರೆಯುವಾಗ ನಾನೂ ಅರ್ಧ ಬರೆಯುವುದೇ ಲೇಸು, ನಾನು ಅರ್ಧ ಬರೆಯುವಾಗ ಅವರಿಗೂ ಅದೇ ಲೇಸು. ಯಾರಿಗೂ ಬದಲಾಯಿಸುವ ಕಾರಣ ಉಳಿಯುವುದಿಲ್ಲ.

ಕೊಳ್ಳುವವರು ಮೂವರಾದರೆ ಅರ್ಧ ಸಾಲದು, ಮೂರರಲ್ಲಿ ಎರಡು ಭಾಗ ಬರೆಯಬೇಕು. ನಾಲ್ವರಾದರೆ ಮುಕ್ಕಾಲು, ಐವರಾದರೆ ಐದರಲ್ಲಿ ನಾಲ್ಕು ಭಾಗ. ಗುಂಪು ದೊಡ್ಡದಾದಷ್ಟು ಚೀಟಿ ಮನಸ್ಸಿನ ಬೆಲೆಗೆ ಹತ್ತಿರ ಬರುತ್ತದೆ.

ಈಗ ಮಾರುವವರ ಕಡೆಯಿಂದ ನೋಡೋಣ. ಒಂದು ನಿಯಮದಲ್ಲಿ ದೊಡ್ಡ ಬೆಲೆಯೇ ಸಿಗುತ್ತದೆ, ಆದರೆ ಅದು ತಗ್ಗಿಸಿದ ಬೆಲೆ. ಇನ್ನೊಂದರಲ್ಲಿ ಎಲ್ಲರೂ ಪೂರ್ತಿ ಬೆಲೆ ಬರೆಯುತ್ತಾರೆ, ಆದರೆ ಸಿಗುವುದು ಎರಡನೆಯದು. ಯಾವುದು ಹೆಚ್ಚು? ಒಂದು ಖಾಲಿ ಪಿರಿಯಡ್‌ನಲ್ಲಿ ನಾವು ಕೆಲವರು ಇದನ್ನು ಚೀಟಿ ಎತ್ತಿ ನೋಡಿದೆವು. 100, 200 ಎಂದು 3,000ದವರೆಗೆ ಮೂವತ್ತು ಚೀಟಿ ಬರೆದು ಟಿಫಿನ್ ಡಬ್ಬಿಗೆ ಹಾಕಿದೆವು. ಪ್ರತಿ ಸುತ್ತಿನಲ್ಲಿ ಇಬ್ಬರು ಒಂದೊಂದು ಎತ್ತಬೇಕು, ಅದೇ ಅವರ ಮನಸ್ಸಿನ ಬೆಲೆ. ಸುತ್ತು ಮುಗಿದ ಮೇಲೆ ಚೀಟಿ ಮತ್ತೆ ಡಬ್ಬಿಗೆ. ಮೊದಲ ಬೆಲೆ ನಿಯಮದಲ್ಲಿ ಮಾರುವವರಿಗೆ ದೊಡ್ಡ ಚೀಟಿಯ ಅರ್ಧ, ಎರಡನೆಯದರಲ್ಲಿ ಚಿಕ್ಕ ಚೀಟಿ ಪೂರ್ತಿ. ನಮ್ಮ ಹತ್ತು ಸುತ್ತು ಹೀಗಿವೆ:

| ಸುತ್ತು | ಎತ್ತಿದ ಚೀಟಿಗಳು | ಮೊದಲ ಬೆಲೆ | ಎರಡನೇ ಬೆಲೆ |
|---|---|---|---|
| 1 | 2300, 900 | 1150 | 900 |
| 2 | 1400, 1700 | 850 | 1400 |
| 3 | 2800, 600 | 1400 | 600 |
| 4 | 500, 1200 | 600 | 500 |
| 5 | 1900, 2600 | 1300 | 1900 |
| 6 | 300, 2100 | 1050 | 300 |
| 7 | 2900, 2200 | 1450 | 2200 |
| 8 | 1000, 700 | 500 | 700 |
| 9 | 1600, 1300 | 800 | 1300 |
| 10 | 2400, 400 | 1200 | 400 |
| ಒಟ್ಟು | | 10,300 | 10,200 |

ಹತ್ತು ಸುತ್ತಿಗೆ ನೂರು ರೂಪಾಯಿ ವ್ಯತ್ಯಾಸ! ಇಷ್ಟು ಹತ್ತಿರ ಬಂದದ್ದು ನಮ್ಮ ಅದೃಷ್ಟವೂ ಇರಬಹುದು. ನೀವು ಹತ್ತು ಸುತ್ತು ಆಡಿದರೆ ಸಾವಿರ ಎರಡು ಸಾವಿರ ಆಚೀಚೆ ಆಗಬಹುದು. ಆದರೆ ನೂರಾರು ಸುತ್ತು ಆಡಿದರೆ ಎರಡರ ಸರಾಸರಿಯೂ ಸುತ್ತಿಗೆ ₹1,000ದ ಹತ್ತಿರ ಬಂದು ನಿಲ್ಲುತ್ತದೆ. ಸೊನ್ನೆಯಿಂದ 3,000ದ ನಡುವೆ ಎರಡು ಸಂಖ್ಯೆ ಎತ್ತಿದರೆ ದೊಡ್ಡದರ ಸರಾಸರಿ 2,000, ಚಿಕ್ಕದರ ಸರಾಸರಿ 1,000. ದೊಡ್ಡದರ ಅರ್ಧವೂ 1,000, ಚಿಕ್ಕದು ಪೂರ್ತಿಯೂ 1,000.

ಇದು ಕಾಕತಾಳೀಯವಲ್ಲ, ಇದರೊಳಗೆ ಒಂದು ಕಾರಣ ಇದೆ. ನನ್ನ ಬೆಲೆ 2,000 ಇದ್ದು ನಾನು ಗೆದ್ದೆ ಅಂದರೆ, ಎದುರಿನವರ ಬೆಲೆ 2,000ಕ್ಕಿಂತ ಕಡಿಮೆ ಇದೆ ಎಂದರ್ಥ. ಹಾಗಿದ್ದರೆ ಅದು ಸರಾಸರಿ 1,000. ಮೊದಲ ಬೆಲೆ ನಿಯಮದಲ್ಲಿ ನಾನು ಬರೆಯುವುದೂ ಅದನ್ನೇ! ಅಂದರೆ ತಗ್ಗಿಸಿ ಬರೆಯುವುದು ಮನಬಂದಂತೆ ಕಡಿಮೆ ಮಾಡುವುದಲ್ಲ, “ನಾನು ಗೆದ್ದರೆ ನನ್ನ ಹಿಂದಿನವರು ಎಲ್ಲಿರಬಹುದು” ಎಂಬುದರ ಅಂದಾಜು. ಎರಡನೇ ಬೆಲೆ ಹರಾಜಿನಲ್ಲಿ ಆ ಅಂದಾಜನ್ನು ಲಕೋಟೆ ತೆರೆದ ಮೇಲೆ ನಿಯಮವೇ ನಿಜವಾದ ಸಂಖ್ಯೆಯಿಂದ ತುಂಬುತ್ತದೆ. ಮೊದಲ ಬೆಲೆ ಹರಾಜಿನಲ್ಲಿ ಕೊಳ್ಳುವವರು ಮುಂಚೆಯೇ ಊಹಿಸಿ ತುಂಬುತ್ತಾರೆ. ಹಾಗಾಗಿಯೇ ಪಟ್ಟಿಯಲ್ಲಿ ಎರಡನೇ ಬೆಲೆಯ ಸಾಲು 300ರಿಂದ 2,200ರವರೆಗೆ ಕುಣಿಯುತ್ತದೆ, ಮೊದಲ ಬೆಲೆಯದು 500ರಿಂದ 1,450ರೊಳಗೆ ಇರುತ್ತದೆ. ಸರಾಸರಿ ಒಂದೇ, ಏರಿಳಿತ ಬೇರೆ.

ಇದನ್ನು 1961ರಲ್ಲಿ ಬರೆದು ತೋರಿಸಿದವರು ವಿಲಿಯಂ ವಿಕ್ರಿ. 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು, ಮೂರೇ ದಿನದಲ್ಲಿ ತೀರಿಕೊಂಡರು. ಎರಡನೇ ಬೆಲೆ ಹರಾಜಿಗೆ ವಿಕ್ರಿ ಹರಾಜು ಎಂಬ ಹೆಸರೂ ಇದೆ.

ಹಾಗಾದರೆ ನ್ಯೂಜಿಲೆಂಡಿನಲ್ಲಿ ಆದದ್ದೇನು? ಒಂದು ಲಕ್ಷ ಬರೆದ ಕಂಪನಿ ಮೊದಲ ಬೆಲೆ ನಿಯಮದಲ್ಲಿ ಒಂದು ಲಕ್ಷ ಬರೆಯುತ್ತಿರಲಿಲ್ಲ. ಸ್ಪರ್ಧೆ ಇಲ್ಲ ಎಂಬ ಸುಳಿವು ಸಿಕ್ಕಿದ್ದರೆ ತುಂಬಾ ಕಡಿಮೆ ಬರೆಯುತ್ತಿತ್ತು. ಆದ್ದರಿಂದ 99,994 ಡಾಲರ್ ನಷ್ಟವಾಯಿತು ಎನ್ನುವುದು ತಪ್ಪು ಲೆಕ್ಕ. ನಿಜವಾದ ಕೊರತೆ ಎರಡು: ಕೆಲವು ಪರವಾನಗಿಗಳಿಗೆ ಗಟ್ಟಿ ಸ್ಪರ್ಧಿಗಳೇ ಇರಲಿಲ್ಲ, ಮತ್ತು ಸರ್ಕಾರ ರಿಸರ್ವ್ ಬೆಲೆ, ಅಂದರೆ ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಕನಿಷ್ಠ ಬೆಲೆಯನ್ನು ಇಟ್ಟಿರಲಿಲ್ಲ.

ಎರಡನ್ನೂ ಸೈಕಲ್ ಲೆಕ್ಕದಲ್ಲಿ ನೋಡಬಹುದು. ಇಬ್ಬರಿದ್ದಾಗ ಸರಾಸರಿ ಆದಾಯ 1,000. ಮೂವರಾದರೆ 1,500, ಐವರಾದರೆ 2,000. ನಿಯಮ ಯಾವುದಾದರೂ ಇಷ್ಟೇ. ನಿಯಮ ಬದಲಿಸಿದರೆ ಸರಾಸರಿಯಲ್ಲಿ ಒಂದು ರೂಪಾಯಿ ಹೆಚ್ಚದ ಜಾಗದಲ್ಲಿ, ಒಬ್ಬ ಹೊಸ ಗಿರಾಕಿ ಬಂದರೆ ಐನೂರು ಹೆಚ್ಚುತ್ತದೆ. ಈಗ ಕನಿಷ್ಠ ಬೆಲೆ. ಗಿರಾಕಿ ಒಬ್ಬನೇ ಎಂದುಕೊಳ್ಳಿ. ಕನಿಷ್ಠ ಬೆಲೆ ಇಲ್ಲದಿದ್ದರೆ ಆದಾಯ ಸೊನ್ನೆ, ಆ ವಿದ್ಯಾರ್ಥಿಯ ಪರವಾನಗಿಯಂತೆ. ₹1,500 ಎಂದು ಇಟ್ಟರೆ ಎರಡರಲ್ಲಿ ಒಂದು ಸಲ ಮಾರಾಟವಾಗುತ್ತದೆ, ಸರಾಸರಿ 750. 1,000 ಅಥವಾ 2,000 ಇಟ್ಟು ನೋಡಿ, ಎರಡರಲ್ಲೂ ಸರಾಸರಿ ಸುಮಾರು 667. ಮತ್ತೆ ಅದೇ ಹೈಸ್ಕೂಲ್ ಗಣಿತ, ನಡುವಿನ ಸಂಖ್ಯೆಯೇ ಉತ್ತಮ. ಗಿರಾಕಿಗಳು ಹೆಚ್ಚಾದರೂ ಈ ಉದಾಹರಣೆಯಲ್ಲಿ 1,500 ಎಂಬುದು ಬದಲಾಗುವುದಿಲ್ಲ, ಇದು ನನಗೆ ಆಶ್ಚರ್ಯ ತಂದ ಸಂಗತಿ.

ನಮ್ಮ ಹತ್ತು ಸುತ್ತಿನ ಎರಡನೇ ಬೆಲೆಯ ಸಾಲಿಗೆ ಇದನ್ನು ಹಾಕಿ ನೋಡಿದೆ. 4 ಮತ್ತು 8ನೇ ಸುತ್ತಿನಲ್ಲಿ ಯಾರೂ 1,500 ಮುಟ್ಟಲಿಲ್ಲ, ಸೈಕಲ್ ಮಾರಾಟವಾಗಲಿಲ್ಲ. 5ರಲ್ಲಿ 1,900, 7ರಲ್ಲಿ 2,200, ಅವು ಮೊದಲಿನಂತೆ. ಉಳಿದ ಆರರಲ್ಲಿ ಗೆದ್ದವರು 1,500 ಕಟ್ಟುತ್ತಾರೆ. ಒಟ್ಟು 13,100. ಎರಡು ಸಲ ಸೈಕಲ್ ಉಳಿದುಹೋದರೂ ₹2,900 ಹೆಚ್ಚು. ಬಹಳ ಸುತ್ತುಗಳ ಸರಾಸರಿ ತೆಗೆದರೆ 1,000 ಇದ್ದದ್ದು 1,250 ಆಗುತ್ತದೆ, ಬದಲಿಗೆ ನಾಲ್ಕರಲ್ಲಿ ಒಂದು ಸಲ ಮಾಲು ಹಾಗೇ ಉಳಿಯುತ್ತದೆ. ನಮ್ಮ ಎಪಿಎಂಸಿ ಟೆಂಡರಿನಲ್ಲಿ ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡುವುದಿಲ್ಲ ಎನ್ನುವ ಹಕ್ಕು ರೈತರಿಗಿದೆ. ಇದೂ ಒಂದು ಬಗೆಯ ಕನಿಷ್ಠ ಬೆಲೆಯೇ, ಬರೆದಿಟ್ಟಿಲ್ಲ ಅಷ್ಟೇ. ಆದರೆ ಗಾಡಿ ಬಾಡಿಗೆ ಕೊಟ್ಟು ದೂರದಿಂದ ತಂದ ರೈತ ಆ ಹಕ್ಕನ್ನು ಎಷ್ಟು ಸಲ ಬಳಸಬಲ್ಲ ಎಂಬುದು ಬೇರೆ ಪ್ರಶ್ನೆ. ವಾಪಸ್ ಒಯ್ಯುವ ಖರ್ಚು ಹೆಚ್ಚಾದಷ್ಟು ಅವನ ಕನಿಷ್ಠ ಬೆಲೆ ಇಳಿಯುತ್ತದೆ, ಅದು ವ್ಯಾಪಾರಿಗಳಿಗೂ ಗೊತ್ತು.

ನ್ಯೂಜಿಲೆಂಡ್ ಆಮೇಲೆ ಮೊದಲ ಬೆಲೆ ನಿಯಮಕ್ಕೆ ಬದಲಾಯಿಸಿತು. ಅದಕ್ಕೂ ಅರ್ಥವಿದೆ. ಒಂದು ಲಕ್ಷ ಬರೆದು ಆರು ಕಟ್ಟಿದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಜನ ಸರಾಸರಿಯ ಮಾತು ಕೇಳುವುದಿಲ್ಲ. ಮೊದಲ ಬೆಲೆ ಹರಾಜಿನಲ್ಲಿ ಮನಸ್ಸಿನ ಬೆಲೆ ಯಾರಿಗೂ ಕಾಣುವುದೇ ಇಲ್ಲ.

ಇಷ್ಟೆಲ್ಲ ಸಮ ಎಂದಮೇಲೆ, ಎಲ್ಲಿ ಸಮ ಅಲ್ಲ ಎಂಬುದನ್ನೂ ಹೇಳಬೇಕು. ಸೈಕಲ್ ಲೆಕ್ಕದಲ್ಲಿ ನಾವು ಕೊಳ್ಳುವವರು ಸರಾಸರಿ ಲಾಭವನ್ನಷ್ಟೇ ನೋಡುತ್ತಾರೆ ಎಂದುಕೊಂಡಿದ್ದೆವು. ಮಾಮು ಹಾಗಲ್ಲ. ಪುಡಿ ಮಿಲ್ಲಿನವರಿಗೆ ಇಂದು ರಾತ್ರಿ ಲಾರಿ ತುಂಬಿಸಿ ಕಳಿಸುತ್ತೇನೆ ಎಂದು ಮಾತು ಕೊಟ್ಟ ದಿನ, ಲಾಟು ತಪ್ಪಿಹೋಗುವ ಹೆದರಿಕೆ ಅವರಿಗೆ ಹೆಚ್ಚು. ಅಂಥ ದಿನ 1,000 ಬರೆಯಬೇಕಾದ ಜಾಗದಲ್ಲಿ 1,200 ಬರೆಯುತ್ತಾರೆ. “ಲಾಭ ಸ್ವಲ್ಪ ಹೋದ್ರೂ ಚಿಂತೆ ಇಲ್ಲ, ಖಾಲಿ ಲಾರಿ ನಿಲ್ಲಬಾರದು” ಅನ್ನುವುದು ಅವರ ಮಾತು. ಎರಡನೇ ಬೆಲೆ ಹರಾಜಿನಲ್ಲಿ ಈ ಹೆದರಿಕೆಯಿಂದ ಏನೂ ಬದಲಾಗುವುದಿಲ್ಲ, ಅಲ್ಲಿ ಮನಸ್ಸಿನ ಬೆಲೆ ಬರೆಯುವುದೇ ಯಾವಾಗಲೂ ಸರಿ. ಹಾಗಾಗಿ ಹೆದರುವ ಗಿರಾಕಿಗಳು ಇರುವ ಮಾರುಕಟ್ಟೆಯಲ್ಲಿ ಮೊದಲ ಬೆಲೆ ನಿಯಮ ಮಾರುವವರಿಗೆ ಹೆಚ್ಚು ಕೊಡುತ್ತದೆ.

ಲಕೋಟೆ ತೆರೆಯುವವರ ಪ್ರಾಮಾಣಿಕತೆಯೂ ಇದೆ. ಎರಡನೇ ಬೆಲೆ ಹರಾಜಿನಲ್ಲಿ ನಾನು 2,000 ಬರೆದದ್ದನ್ನು ನೋಡಿದವರು, ಯಾರದೋ ಹೆಸರಿನಲ್ಲಿ 1,950ರ ಚೀಟಿ ಸೇರಿಸಿದರೆ ನನಗೆ ತಿಳಿಯುವುದೇ ಇಲ್ಲ. ಈ ಅನುಮಾನ ಬಂದರೆ ನಾನು ನಿಜ ಬೆಲೆ ಬರೆಯುವುದನ್ನು ಬಿಡುತ್ತೇನೆ, ಆಗ ನಿಯಮದ ಒಳ್ಳೆಯ ಗುಣವೇ ಹೋಗುತ್ತದೆ. ಮೊದಲ ಬೆಲೆಯಲ್ಲಿ ಕಟ್ಟಬೇಕಾದದ್ದು ನನ್ನ ಕೈಬರಹದಲ್ಲೇ ಇರುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕೊಳ್ಳುವವರು ಒಳಗೊಳಗೆ ಒಪ್ಪಂದ ಮಾಡಿಕೊಂಡಾಗ ಬರುತ್ತದೆ. ಮೂವರ ಮನಸ್ಸಿನ ಬೆಲೆ 2,800, 2,200, 1,900 ಇರಲಿ. ಮೊದಲನೆಯವರಿಗೆ ಸೈಕಲ್ ಬಿಟ್ಟುಕೊಡೋಣ, ಲಾಭ ಆಮೇಲೆ ಹಂಚಿಕೊಳ್ಳೋಣ ಎಂದು ಚಹಾ ಅಂಗಡಿಯಲ್ಲಿ ಮಾತಾಯಿತು. ಎರಡನೇ ಬೆಲೆ ನಿಯಮವಾದರೆ ಮೊದಲನೆಯವರು 2,800 ಬರೆಯುತ್ತಾರೆ, ಉಳಿದವರು 100 ಬರೆಯುತ್ತಾರೆ. ಮಾರಿದವರಿಗೆ 2,200ರ ಬದಲು 100. ಈಗ ಎರಡನೆಯವರು ಮಾತು ಮುರಿದು ಸೈಕಲ್ ಹೊಡೆಯಲು ನೋಡಿದರೆ 2,800ಕ್ಕಿಂತ ಹೆಚ್ಚು ಬರೆಯಬೇಕು, ಗೆದ್ದರೆ 2,800 ಕಟ್ಟಬೇಕು, ₹600 ನಷ್ಟ. ಮಾತು ಮುರಿಯುವ ಆಸೆಯೇ ಹುಟ್ಟುವುದಿಲ್ಲ. ಮೊದಲ ಬೆಲೆ ನಿಯಮವಾದರೆ ಒಪ್ಪಂದದಿಂದ ಲಾಭ ಬರಲು ಮೊದಲನೆಯವರೇ ಕಡಿಮೆ ಬರೆಯಬೇಕು, 200 ಅನ್ನೋಣ. ಆಗ ಎರಡನೆಯವರು ಗುಟ್ಟಾಗಿ 300 ಬರೆದರೆ ಸಾಕು, ಸೈಕಲ್ ಅವರದ್ದು, ಲಾಭ 1,900. ಇಷ್ಟು ಆಸೆಯ ಎದುರು ಚಹಾ ಅಂಗಡಿಯ ಮಾತು ನಿಲ್ಲುವುದು ಕಷ್ಟ.

ಕಷ್ಟ ಅಂದೆ, ಅಸಾಧ್ಯ ಅನ್ನಲಿಲ್ಲ. ಅದೇ ಜನ ದಿನಾ ಅದೇ ಅಂಗಳದಲ್ಲಿ ಎದುರಾಗುತ್ತಿದ್ದರೆ, ಇಂದು ಮಾತು ಮುರಿದವರಿಗೆ ನಾಳೆ ಪೆಟ್ಟು ಬೀಳುತ್ತದೆ. ಹಾಗಾಗಿ ಮೊದಲ ಬೆಲೆ ಟೆಂಡರಿನಲ್ಲೂ ಒಪ್ಪಂದ ನಡೆಯಬಹುದು. ಅದರ ಗುರುತು ಸಿಗುವುದು ಗೆದ್ದ ದರದಲ್ಲಿ ಅಲ್ಲ, ಸೋತ ದರಗಳಲ್ಲಿ. ನಿಜವಾಗಿ ಸ್ಪರ್ಧೆ ಇದ್ದರೆ ಸೋತವರ ದರಗಳೂ ಮಾಲಿನ ಗುಣದ ಜೊತೆ ಏರಬೇಕು, ಇಳಿಯಬೇಕು, ಕೆಲವು ಸಲ ಗೆದ್ದ ದರದ ಹತ್ತಿರ ಬರಬೇಕು. ಒಳ್ಳೆಯ ಲಾಟಿಗೂ ಸಾಧಾರಣ ಲಾಟಿಗೂ ಸೋತವರು ಒಂದೇ ಅಳತೆಯಲ್ಲಿ ಕೆಳಗೆ ಬರೆದಿದ್ದರೆ, ಗೆಲ್ಲುವ ಸರದಿಯೂ ಒಬ್ಬರಾದ ಮೇಲೆ ಒಬ್ಬರಿಗೆ ಬರುತ್ತಿದ್ದರೆ, ಅಂಥ ದಿನದ ಎಲ್ಲ ದರಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕಾಗದದ ಚೀಟಿಗಳ ಕಾಲದಲ್ಲಿ ಇದು ಸುಲಭವಿರಲಿಲ್ಲ. ಕಂಪ್ಯೂಟರಿನಲ್ಲಿ ಸೋತ ದರಗಳನ್ನೂ ಉಳಿಸಿಟ್ಟರೆ ಒಂದು ಮಧ್ಯಾಹ್ನದ ಕೆಲಸ.